ಗ್ಲಾಸ್ ಅಷ್ಟೇ ಇದೆ, ಬಿಗಿ ಎಲ್ಲಿ ಹೋಯ್ತು? ಧಾರಾವಿಯಿಂದ ಒಂದು ಹಳೇ ಲೆಕ್ಕ

ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆದಿದ್ದೇನೆ.

ಧಾರಾವಿಯ ತೇರಾ ಕಂಪೌಂಡಿನ ಗಲ್ಲಿಗಳಲ್ಲಿ ಹಳೇ ಪ್ಲಾಸ್ಟಿಕ್ ಬೇರ್ಪಡಿಸಿ, ಪುಡಿ ಮಾಡಿ, ಕರಗಿಸಿ, ಮತ್ತೆ ದಾಣಾ ಮಾಡ್ತಾರೆ. ಅಲ್ಲಿ ಕಲಬುರಗಿ ಕಡೆಯ ಒಬ್ಬರು ಸಿಕ್ಕರು. ಗ್ಲಾಸ್ ನಾರು ಬೆರೆಸಿದ ನೈಲಾನ್, ಅಂದರೆ ಡ್ರಿಲ್ ಮಷೀನಿನ ಕವಚ, ಕಾರಿನ ರೇಡಿಯೇಟರ್ ಟ್ಯಾಂಕ್ ಇಂಥದ್ದು, ಮತ್ತೆ ಬಳಸಿದಾಗ ಮೊದಲಿನ ಬಿಗಿ ಯಾಕಿರಲ್ಲ ಅಂತ ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು: "ಗ್ಲಾಸ್ ಎಲ್ಲಿ ಹೋಗ್ತದರಿ ಸರ? ಎಲ್ಲಾ ಒಳಗೇ ಅದ ಅಲ್ಲ?"

ನಿಜ, ಒಳಗೇ ಇದೆ. ಉತ್ತರ ಹುಡುಕೋಕೆ 1889ಕ್ಕೆ ಹೋಗಬೇಕು.

ಜರ್ಮನಿಯ ಗಾಟಿಂಗೆನ್‌ನಲ್ಲಿದ್ದ ವೋಲ್ಡೆಮಾರ್ ಫಾಯ್ಗ್ಟ್ ಅವರ ತಲೆಯಲ್ಲಿ ಇದ್ದದ್ದು ನಾರಲ್ಲ, ಹರಳು. ಒಂದು ಹರಳಿನ ಗುಣ ಗೊತ್ತಿದ್ದರೆ, ಸಾವಿರಾರು ಹರಳುಗಳು ಅಡ್ಡಾದಿಡ್ಡಿ ಸೇರಿದ ಗಟ್ಟಿಯ ಮಾಡ್ಯುಲಸ್ ಎಷ್ಟು? ಮಾಡ್ಯುಲಸ್ ಅಂದರೆ ಎಳೆದಾಗ ವಸ್ತು ಎಷ್ಟು ಬಿಗಿಯಾಗಿ ತಡೆಯುತ್ತದೆ ಅನ್ನೋ ಅಳತೆ. ಎಲ್ಲ ತುಣುಕುಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಅಂದರೆ ಸ್ಟ್ರೇನ್ ಒಂದೇ, ಅಂತ ಅವರು ಇಟ್ಟುಕೊಂಡರು. ನಲವತ್ತು ವರ್ಷದ ನಂತರ, 1929ರಲ್ಲಿ, ಹಂಗೇರಿಯ ಎಂಡ್ರೆ ರಾಯ್ಸ್ ಉಲ್ಟಾ ಹಿಡಿದರು: ಎಲ್ಲ ತುಣುಕುಗಳ ಮೇಲೂ ಸ್ಟ್ರೆಸ್ ಒಂದೇ.

ನಾರಿನ ವಸ್ತುವಿಗೆ ಇವನ್ನು ಹಾಕಿದರೆ ಎರಡು ಸೂತ್ರ ಬರುತ್ತವೆ. `f` ನಾರು, `m` ನೈಲಾನ್, `V` ಗಾತ್ರದ ಪಾಲು:

```
E_voigt = Vf*Ef + Vm*Em
1/E_reuss = Vf/Ef + Vm/Em
```

ಮೊದಲನೆಯದು ಪಕ್ಕಪಕ್ಕದಲ್ಲಿ ಕಟ್ಟಿದ ಎರಡು ಸ್ಪ್ರಿಂಗ್ ಇದ್ದಂತೆ. ಉದ್ದನೆಯ ನಾರುಗಳನ್ನು ನಾರಿನ ದಿಕ್ಕಲ್ಲೇ ಎಳೆದಾಗ ಹೀಗಾಗುತ್ತದೆ. ಎರಡನೆಯದು ಒಂದರ ತುದಿಗೆ ಇನ್ನೊಂದನ್ನು ಕಟ್ಟಿದಂತೆ. ಅಲ್ಲಿ ಮೆತ್ತಗಿರುವುದೇ ಹೆಚ್ಚು ಹಿಗ್ಗಿ ಎಲ್ಲವನ್ನೂ ನಿರ್ಧರಿಸುತ್ತದೆ.

ಲೆಕ್ಕ ಹಾಕೋಣ. ತೂಕದಲ್ಲಿ 30% ಗ್ಲಾಸ್ ಇರುವ ನೈಲಾನ್ ತಗೊಳ್ಳಿ. ಗ್ಲಾಸ್ ಭಾರ, ಹಾಗಾಗಿ ಗಾತ್ರದಲ್ಲಿ ಅದು ಸುಮಾರು 16% ಮಾತ್ರ. ತೂಕದ ಪಾಲನ್ನೇ ಸೂತ್ರಕ್ಕೆ ಹಾಕೋದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಗ್ಲಾಸಿನ ಮಾಡ್ಯುಲಸ್ 72 ಗಿಗಾಪಾಸ್ಕಲ್, ಒಣ ನೈಲಾನಿನದು ಸುಮಾರು 3. ಫಾಯ್ಗ್ಟ್ ಲೆಕ್ಕದಲ್ಲಿ 14, ರಾಯ್ಸ್ ಲೆಕ್ಕದಲ್ಲಿ ಬರೀ 3.5. ಹೊಸ ಮಾಲಿನ ಡೇಟಾಶೀಟಲ್ಲಿ ಸಾಮಾನ್ಯವಾಗಿ 9–10 ಇರುತ್ತದೆ.

ಹಾಗಾದರೆ ಇಬ್ಬರೂ ತಪ್ಪಾ? 1952ರಲ್ಲಿ ಬ್ರಿಟನ್ನಿನ ರಾಡ್ನಿ ಹಿಲ್ ಇದಕ್ಕೆ ಉತ್ತರ ಕೊಟ್ಟರು. ಎಲ್ಲವೂ ಸಮಾನ ಹಿಗ್ಗಿದರೆ ತುಣುಕುಗಳ ಗಡಿಯಲ್ಲಿ ಬಲಗಳು ಸರಿತೂಗಲ್ಲ. ಸ್ಟ್ರೆಸ್ ಸಮಾನವಾದರೆ ತುಣುಕುಗಳು ಒಂದಕ್ಕೊಂದು ಕೂರದೆ ನಡುವೆ ಬಿರುಕು ಬೀಳಬೇಕು. ನಿಜವಾದ ವಸ್ತುವಿನಲ್ಲಿ ಎರಡೂ ಆಗಲ್ಲ. ಶಕ್ತಿಯ ಲೆಕ್ಕದಿಂದ ಹಿಲ್ ತೋರಿಸಿದ್ದು ಇಷ್ಟು: ಫಾಯ್ಗ್ಟ್ ಕೊಟ್ಟಿದ್ದು ಮೇಲಿನ ಬೇಲಿ, ರಾಯ್ಸ್ ಕೊಟ್ಟಿದ್ದು ಕೆಳಗಿನ ಬೇಲಿ. ನಿಜವಾದ ಬೆಲೆ ನಡುವೆ ಎಲ್ಲೋ ಇರುತ್ತದೆ.

ಎಲ್ಲಿ ಅಂತ ಹೇಳಲು ಇನ್ನೊಂದು ವಿಷಯ ಬೇಕು. ಅದೇ 1952ರಲ್ಲಿ ಎಚ್. ಎಲ್. ಕಾಕ್ಸ್ ಕಾಗದದ ನಾರುಗಳ ಬಗ್ಗೆ ಬರೆಯುತ್ತಾ ಅದನ್ನು ಕೊಟ್ಟರು. ನಾರಿನ ತುದಿ ಭಾರ ಹೊರಲ್ಲ. ಸುತ್ತಲಿನ ವಸ್ತು ಉಜ್ಜಿ ಎಳೆದಂತೆ ತುದಿಯಿಂದ ಒಳಗೆ ಹೋಗುತ್ತಾ ಭಾರ ಏರುತ್ತದೆ. ನಾರು ಗಿಡ್ಡವಾದಷ್ಟೂ ಅದರಲ್ಲಿ ಕೆಲಸ ಮಾಡದ ತುದಿಯ ಪಾಲು ಹೆಚ್ಚು.

ಈಗ ಪುಡಿ ಮಾಡುವ ಯಂತ್ರಕ್ಕೆ ಬನ್ನಿ. ಬ್ಲೇಡು, ಆಮೇಲೆ ಕರಗಿಸುವ ಸ್ಕ್ರೂ, ಎರಡೂ ನಾರನ್ನು ಮುರಿಯುತ್ತವೆ. 10 ಮೈಕ್ರಾನ್ ದಪ್ಪದ ನಾರು ಸರಾಸರಿ 0.3 ಮಿಲಿಮೀಟರ್ ಉದ್ದ ಇದ್ದಾಗ, ಕಾಕ್ಸ್ ಲೆಕ್ಕದ ಪ್ರಕಾರ ತನ್ನ ಸಾಮರ್ಥ್ಯದ ಸುಮಾರು 83% ಕೊಡುತ್ತದೆ. 0.1ಕ್ಕೆ ಇಳಿದರೆ ಸುಮಾರು 50%. ನಾರೆಲ್ಲ ಒಂದೇ ದಿಕ್ಕಲ್ಲಿದೆ ಅಂತ ಇಟ್ಟುಕೊಂಡರೂ ಮಾಡ್ಯುಲಸ್ 12ರಿಂದ ಸುಮಾರು 8.3ಕ್ಕೆ ಬೀಳುತ್ತದೆ. ನಾರುಗಳು ಅಡ್ಡಾದಿಡ್ಡಿ ಇದ್ದರೆ ಇನ್ನೂ ಕೆಳಗೆ.

ಗಮನಿಸಿ, ಎರಡು ಬೇಲಿಗಳೂ ಒಂದಿಂಚು ಕದಲಿಲ್ಲ. ಆ ಸೂತ್ರಗಳಲ್ಲಿ ಉದ್ದಕ್ಕೆ ಜಾಗವೇ ಇಲ್ಲ, ಪಾಲು ಮಾತ್ರ ಇದೆ. ಹಾಗಾಗಿ ದಾಣಾ ಕೊಳ್ಳುವವರು ಸ್ಯಾಂಪಲ್ ಸುಟ್ಟು, ಉಳಿದ ಗ್ಲಾಸನ್ನು ತೂಗಿ "30% ಸರಿಯಾಗಿದೆ" ಅಂದರೆ ಮೋಸ ಹೋಗಬಹುದು. ಅದೇ ಸುಟ್ಟ ಉಳಿಕೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನಾರಿನ ಉದ್ದ ನೋಡಬೇಕು. ಅಥವಾ ಅಚ್ಚು ಹಾಕಿದ ಪಟ್ಟಿಯನ್ನು ಬಗ್ಗಿಸಿ ಅಳೆಯಬೇಕು. ಅಳೆಯುವ ಮುಂಚೆ ಒಣಗಿಸೋದು ಮರೆಯಬೇಡಿ. ನೈಲಾನ್ ನೀರು ಹೀರುತ್ತದೆ, ಮುಂಬೈ ಮಳೆಗಾಲದಲ್ಲಿ ಕೆಳಗಿನ ಬೇಲಿಯೇ ಕುಸಿಯುತ್ತದೆ.

ಕಲಬುರಗಿಯವರಿಗೆ ಫೋನಲ್ಲಿ ಇಷ್ಟೇ ಹೇಳಿದೆ: ಗ್ಲಾಸ್ ಎಲ್ಲೂ ಹೋಗಿಲ್ಲ, ತುಂಡಾಗಿದೆ. "ಹಂಗಾದ್ರ ಸಣ್ಣ ಜಾಳಗಿ ತೆಗೆದು ದೊಡ್ಡದು ಹಾಕ್ತೀವಿ ಬಿಡ್ರಿ," ಅಂದರು. ಪುಡಿ ಯಂತ್ರದ ಜಾಳಗಿಯ ತೂತು ದೊಡ್ಡದಾದರೆ ತುಣುಕು ದೊಡ್ಡದಿರುತ್ತದೆ, ಬ್ಲೇಡಿನಿಂದ ಮುರಿಯುವ ನಾರು ಕಡಿಮೆ. ಸ್ಕ್ರೂ ಮುರಿಯೋದು ಮಾತ್ರ ಹಾಗೇ ಇರುತ್ತದೆ.