ತಂತ್ರಾಂಶ ನಿರ್ವಹಣಾ ಸೇವೆಯ ಖರೀದಿ: ಸೇವಾ ಮಟ್ಟದ ಒಪ್ಪಂದದ ಪದಗಳ ವಿವರಣೆ

ಬಿಲ್ಲು ಮತ್ತು ದಾಸ್ತಾನಿನ ಲೆಕ್ಕಕ್ಕೆ ಅಂತರಜಾಲ ಆಧಾರಿತ ತಂತ್ರಾಂಶ ಬಳಸುವ ಉದ್ದಿಮೆಗೆ ಪೂರೈಕೆದಾರರು ನೀಡುವ ಸೇವೆಯ ಗುಣಮಟ್ಟವನ್ನು ನಿಗದಿಪಡಿಸುವ ಕರಾರಿಗೆ ಸೇವಾ ಮಟ್ಟದ ಒಪ್ಪಂದ (ಎಸ್‌ಎಲ್‌ಎ) ಎನ್ನುತ್ತಾರೆ. ಇದರ ಮುಖ್ಯ ಪದಗಳನ್ನು ಮಂಡ್ಯ ತಾಲ್ಲೂಕು ದುದ್ದ ಹೋಬಳಿಯ ಬೆಲ್ಲದ ಸಗಟು ಮಳಿಗೆಯೊಂದರ ಕಾಲ್ಪನಿಕ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ. ಮಳಿಗೆಯ ಮಾಸಿಕ ಶುಲ್ಕ 2,000 ರೂ. ಎಂದಿರಲಿ. ಕರಾರಿನಲ್ಲಿ ಶೇ. 99.5 ಅಪ್‌ಟೈಮ್, 4 ಗಂಟೆಗಳ ಪ್ರತಿಕ್ರಿಯಾ ಅವಧಿ ಹಾಗೂ ಶೇ. 10 ಸರ್ವಿಸ್ ಕ್ರೆಡಿಟ್ ನಮೂದಾಗಿವೆ.

1. ಅಪ್‌ಟೈಮ್

ತಂತ್ರಾಂಶವು ಬಳಕೆಗೆ ಲಭ್ಯವಿರುವ ಕಾಲದ ಶೇಕಡಾ ಪ್ರಮಾಣವೇ ಅಪ್‌ಟೈಮ್. 30 ದಿನಗಳ ತಿಂಗಳಿನಲ್ಲಿ 720 ಗಂಟೆಗಳಿದ್ದು, ಶೇ. 99.5ರಂತೆ 3 ಗಂಟೆ 36 ನಿಮಿಷಗಳ ಸ್ಥಗಿತಕ್ಕೆ ಅವಕಾಶವಿರುತ್ತದೆ. ಒಂದು ಶನಿವಾರ ಮಧ್ಯಾಹ್ನ 1ರಿಂದ ಸಂಜೆ 7ರವರೆಗೆ ತಂತ್ರಾಂಶ ನಿಂತುಹೋದಲ್ಲಿ ಅಪ್‌ಟೈಮ್ ಶೇ. 99.17ಕ್ಕೆ ಇಳಿದು ಕರಾರು ಉಲ್ಲಂಘನೆಯಾಗುತ್ತದೆ.

ಆದರೆ ಅದರಲ್ಲಿ 3 ಗಂಟೆಗಳು ಮುಂಚಿತವಾಗಿ ತಿಳಿಸಿದ ನಿರ್ವಹಣಾ ಕಾರ್ಯಕ್ಕೆ ಸೇರಿದ್ದು, ಕರಾರು ಅದನ್ನು ಲೆಕ್ಕದಿಂದ ಕೈಬಿಡುವುದಾದರೆ ಅಪ್‌ಟೈಮ್ ಶೇ. 99.58 ಆಗಿ ಉಲ್ಲಂಘನೆ ಇಲ್ಲವಾಗುತ್ತದೆ. ಲೆಕ್ಕವು ವಾರ್ಷಿಕವಾಗಿದ್ದಲ್ಲಿ ಒಟ್ಟು 43 ಗಂಟೆ 48 ನಿಮಿಷಗಳ ಸ್ಥಗಿತಕ್ಕೆ ಅವಕಾಶ ದೊರೆಯುವುದರಿಂದ 6 ಗಂಟೆಗಳು ಗಣನೆಗೇ ಬರುವುದಿಲ್ಲ. ಆದ್ದರಿಂದ ಲೆಕ್ಕವು ಮಾಸಿಕವಾಗಿರುವಂತೆಯೂ, ನಿರ್ವಹಣಾ ಕಾರ್ಯವು ವಹಿವಾಟಿಲ್ಲದ ರಾತ್ರಿ ವೇಳೆಯಲ್ಲಿ ನಡೆಯುವಂತೆಯೂ ನಮೂದಿಸಿಕೊಳ್ಳುವುದು ಸೂಕ್ತ. ಮಳಿಗೆಯ ವಿದ್ಯುತ್ ಅಥವಾ ಅಂತರಜಾಲ ಸಂಪರ್ಕ ಕಡಿತವು ಸಾಮಾನ್ಯವಾಗಿ ಪೂರೈಕೆದಾರರ ಲೋಪವೆನಿಸುವುದಿಲ್ಲ.

2. ಪ್ರತಿಕ್ರಿಯಾ ಅವಧಿ

ದೂರು ದಾಖಲಾದ ನಂತರ ಪೂರೈಕೆದಾರರು ಉತ್ತರಿಸಬೇಕಾದ ಅವಧಿ ಇದು. ದೋಷ ಸರಿಪಡಿಸುವ ಅವಧಿಯಲ್ಲ. ಸೇವಾ ವೇಳೆಯು ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 10ರಿಂದ ಸಂಜೆ 6 ಎಂದಿದ್ದಲ್ಲಿ, ಶನಿವಾರದ ದೂರಿಗೆ ಸೋಮವಾರ ಮಧ್ಯಾಹ್ನ 2ರೊಳಗೆ ಉತ್ತರಿಸಿದರೂ ಕರಾರು ಪಾಲನೆಯಾದಂತೆಯೇ. ಬಿಲ್ಲು ಹಾಕಲಾಗದಂತಹ ಗಂಭೀರ ದೋಷಗಳಿಗೆ ಶನಿವಾರವನ್ನೂ ಸೇವಾ ವೇಳೆಗೆ ಸೇರಿಸಿ, ದುರಸ್ತಿ ಅವಧಿಯನ್ನು ಪ್ರತ್ಯೇಕವಾಗಿ ನಿಗದಿಪಡಿಸಿಕೊಳ್ಳತಕ್ಕದ್ದು.

3. ಸರ್ವಿಸ್ ಕ್ರೆಡಿಟ್

ಉಲ್ಲಂಘನೆಗಾಗಿ ಶುಲ್ಕದಲ್ಲಿ ನೀಡುವ ಕಡಿತವೇ ಸರ್ವಿಸ್ ಕ್ರೆಡಿಟ್. ಈ ಉದಾಹರಣೆಯಲ್ಲಿ ಅದು 200 ರೂ. ಮಾತ್ರ, ಸಾಮಾನ್ಯವಾಗಿ ನಗದಾಗಿ ಬಾರದೆ ಮುಂದಿನ ಬಿಲ್ಲಿನಲ್ಲಿ ಕಳೆಯಲ್ಪಡುತ್ತದೆ. ಆ ದಿನ ಕೈತಪ್ಪಿದ ವ್ಯಾಪಾರದ ನಷ್ಟವನ್ನು ಇದು ತುಂಬುವುದಿಲ್ಲ. ಕ್ರೆಡಿಟ್ ಒಂದೇ ಪರಿಹಾರವೆಂಬ ಷರತ್ತಿದ್ದಲ್ಲಿ ಹೆಚ್ಚಿನ ಪರಿಹಾರ ಕೇಳುವುದು ಕಷ್ಟ. ಪದೇ ಪದೇ ಉಲ್ಲಂಘನೆಯಾದಲ್ಲಿ ದಂಡವಿಲ್ಲದೆ ಕರಾರು ರದ್ದುಪಡಿಸಿ, ದತ್ತಾಂಶವನ್ನು ಮರಳಿ ಪಡೆಯುವ ಹಕ್ಕು ಕ್ರೆಡಿಟ್‌ಗಿಂತ ಹೆಚ್ಚು ಉಪಯುಕ್ತ.

ದಾಖಲೆಗಳು

ಅನೇಕ ಕರಾರುಗಳಲ್ಲಿ ಕ್ರೆಡಿಟ್ ತಾನಾಗಿ ದೊರೆಯದು. ನಿಗದಿತ ದಿನಗಳೊಳಗೆ ಲಿಖಿತವಾಗಿ ಕೋರಬೇಕಾಗುತ್ತದೆ. ಇದಕ್ಕಾಗಿ ಸ್ಥಗಿತ ಆರಂಭವಾದ ಮತ್ತು ಮುಗಿದ ವೇಳೆ, ಪರದೆಯ ಮೇಲೆ ಕಂಡ ಸಂದೇಶದ ಚಿತ್ರ ಹಾಗೂ ದೂರಿನ ಸಂಖ್ಯೆಯನ್ನು ಅಂದೇ ಬರೆದಿಡತಕ್ಕದ್ದು. ಅದೇ ವೇಳೆಯಲ್ಲಿ ಇತರ ಜಾಲತಾಣಗಳು ತೆರೆಯುತ್ತಿದ್ದವೆಂಬುದನ್ನೂ ನಮೂದಿಸಿದಲ್ಲಿ, ದೋಷವು ಮಳಿಗೆಯ ಸಂಪರ್ಕದ್ದಲ್ಲವೆಂದು ತೋರಿಸಲು ಅನುಕೂಲವಾಗುತ್ತದೆ.