ಜರ್ಮನ್ ಭಾಷೆಯಲ್ಲಿ ಇಂಗ್ಲಿಷ್ ಪದಗಳಿಗೆಲ್ಲ ‘ಡಾಸ್’ ಹಾಕಿದರೆ ಸಾಕೇ?

ಜರ್ಮನಿಗೆ ಓದಲು ಅಥವಾ ನರ್ಸ್ ಕೆಲಸಕ್ಕೆ ಹೋಗಲು ಭಾಷೆ ಕಲಿಯುತ್ತಿರುವವರ ನಡುವೆ ಒಂದು ಸುಲಭ ಸೂತ್ರ ಓಡಾಡುತ್ತದೆ: “ಇಂಗ್ಲಿಷ್ ಪದ ಬಂದರೆ ಹಿಂದೆಮುಂದೆ ನೋಡದೆ ಡಾಸ್ ಹಾಕಿ, ಬಹುವಚನಕ್ಕೆ ಕೊನೆಗೊಂದು ಎಸ್ ಸೇರಿಸಿ.” ಇದು ನಿಜವೇ? ಅರ್ಧ ಮಾತ್ರ. ಉಳಿದರ್ಧ ಹೇಗೆ ತಪ್ಪು ಎಂದು ನೋಡೋಣ.

ಮೊದಲು ಸಮಸ್ಯೆ ಏನು?

ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಕಂಪ್ಯೂಟರ್ ವಸ್ತು, ಆದ್ದರಿಂದ ‘ಅದು’. ಜರ್ಮನ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ನಾಮಪದವೂ ಡೇರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಎಂಬ ಮೂರು ಗುಂಪುಗಳಲ್ಲಿ ಒಂದಕ್ಕೆ ಸೇರಲೇಬೇಕು. ಹೊರಗಿನಿಂದ ಬಂದ ಪದಕ್ಕೂ ವಿನಾಯಿತಿ ಇಲ್ಲ. ಇಂಗ್ಲಿಷ್ ಬೆರೆಸಿ ಆಡುವ ಜರ್ಮನ್‌ಗೆ ‘ಡೆಂಗ್ಲಿಷ್’ ಎಂದು ಅಡ್ಡಹೆಸರು ಇದ್ದರೂ, ಅದರೊಳಗಿನ ವ್ಯಾಕರಣ ಜರ್ಮನ್‌ದೇ.

ಗುಂಪು ತಪ್ಪಿದರೆ ಇಡೀ ವಾಕ್ಯ ತಪ್ಪುತ್ತದೆ. “ನನ್ನ ಬಳಿ ಒಂದು ಮೊಬೈಲ್ ಇದೆ” ಎನ್ನಲು ‘ಇಷ್ ಹಾಬೆ ಐನ್ ಹ್ಯಾಂಡಿ’ ಸರಿ, ಏಕೆಂದರೆ ಅಲ್ಲಿ ಮೊಬೈಲ್‌ಗೆ ಬಳಸುವ ಹ್ಯಾಂಡಿ ಎಂಬ ಪದ ಡಾಸ್ ಗುಂಪಿನದು. ಆದರೆ ಕಂಪ್ಯೂಟರ್ ಡೇರ್ ಗುಂಪಿನದು. ಹಾಗಾಗಿ ಅದಕ್ಕೆ ‘ಐನೆನ್ ಕಂಪ್ಯೂಟರ್’ ಎನ್ನಬೇಕು.

ಹಾಗಾದರೆ ಲಿಂಗ ಎಲ್ಲಿಂದ ಬರುತ್ತದೆ?

ಮೊದಲ ಸುಳಿವು ಪದದ ಕೊನೆ. ಕೆಲಸ ಮಾಡುವ ವ್ಯಕ್ತಿ ಅಥವಾ ಸಾಧನವನ್ನು ಹೇಳುವ, ‘ಅರ್’ ಎಂದು ಮುಗಿಯುವ ಪದಗಳು ಡೇರ್: ಡೇರ್ ಕಂಪ್ಯೂಟರ್, ಡೇರ್ ಸ್ಕ್ಯಾನರ್, ಡೇರ್ ಮ್ಯಾನೇಜರ್. ಮ್ಯಾನೇಜರ್ ಮಹಿಳೆಯಾದರೆ ಕೊನೆಗೆ ‘ಇನ್’ ಸೇರಿ ‘ಡೀ ಮ್ಯಾನೇಜರಿನ್’ ಆಗುತ್ತದೆ. ‘ಇಂಗ್’ ಎಂದು ಮುಗಿಯುವ ಮೀಟಿಂಗ್, ಟ್ರೈನಿಂಗ್ ಮುಂತಾದವು ಡಾಸ್.

ಎರಡನೇ ಸುಳಿವು ಅರ್ಥ. ಅದೇ ಅರ್ಥದ ಜರ್ಮನ್ ಪದದ ಲಿಂಗ ಹೊಸ ಪದಕ್ಕೂ ಅಂಟಿಕೊಳ್ಳುವುದುಂಟು. ಸೆಂಟರ್ ‘ಅರ್’ನಲ್ಲಿ ಮುಗಿದರೂ ಡಾಸ್, ಏಕೆಂದರೆ ಕೇಂದ್ರಕ್ಕೆ ಜರ್ಮನ್‌ನಲ್ಲಿರುವ ‘ತ್ಸೆಂಟ್ರುಮ್’ ಡಾಸ್. ಪವರ್ ಡೀ, ಏಕೆಂದರೆ ಶಕ್ತಿ ಎಂಬ ಅರ್ಥದ ‘ಕ್ರಾಫ್ಟ್’ ಡೀ.

ಎರಡು ಉತ್ತರ ಇರುವ ಪದಗಳೂ ಇವೆ. ಜರ್ಮನಿಯ ಬಹುಭಾಗದಲ್ಲಿ ‘ಡೀ ಇಮೇಲ್’ ಎನ್ನುತ್ತಾರೆ. ಅಂಚೆ ಎಂಬ ಅರ್ಥದ ‘ಪೋಸ್ಟ್’ ಡೀ. ಆದರೆ ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯಲ್ಲಿ ‘ಡಾಸ್ ಇಮೇಲ್’ ಎನ್ನುವುದೂ ಸರಿ. ಬ್ಲಾಗ್ ಕೂಡ ಡಾಸ್, ಡೇರ್ ಎರಡರಲ್ಲೂ ನಡೆಯುತ್ತದೆ.

ಬಹುವಚನಕ್ಕೆ ಎಸ್ ಸಾಕೇ?

ಹಲವು ಪದಗಳಿಗೆ ಸಾಕು: ಜಾಬ್ಸ್, ಟೀಮ್ಸ್, ಮೀಟಿಂಗ್ಸ್. ಆದರೆ ಕಂಪ್ಯೂಟರ್ ಒಂದಿದ್ದರೂ ಹತ್ತಿದ್ದರೂ ಕಂಪ್ಯೂಟರ್. ಬದಲಾಗುವುದು ಮುಂದಿನ ಪದ ಮಾತ್ರ: ಡೇರ್ ಕಂಪ್ಯೂಟರ್, ಡೀ ಕಂಪ್ಯೂಟರ್. ‘ಅರ್’ ಪದಗಳು ಸಾಮಾನ್ಯವಾಗಿ ಹೀಗೆಯೇ. ಅಲ್ಲಿ ‘ಕಂಪ್ಯೂಟರ್ಸ್’ ಎಂದು ಬರೆಯುವುದು ಇಂಗ್ಲಿಷ್ ಗೊತ್ತಿರುವ ನಾವು ಸುಲಭವಾಗಿ ಮಾಡುವ ತಪ್ಪು.

ಎಸ್ ಸೇರುವಲ್ಲೂ ಒಂದು ಬಲೆ ಇದೆ. ಪಾರ್ಟಿ, ಬೇಬಿ, ಹ್ಯಾಂಡಿ ಪದಗಳ ಕೊನೆಯ ‘ವೈ’ ಅಕ್ಷರವನ್ನು ಇಂಗ್ಲಿಷ್‌ನಂತೆ ‘ಐಇ’ ಮಾಡಬಾರದು. ವೈ ಹಾಗೆಯೇ ಇರಬೇಕು, ಅದರ ಪಕ್ಕದಲ್ಲಿ ಎಸ್ ಬರೆಯಬೇಕು.

ಪದ ಹಳೆಯದಾದಷ್ಟೂ ಜರ್ಮನ್ ವೇಷ ತೊಡುವುದುಂಟು. ಬಿಸ್ಕತ್ತಿಗೆ ಅಲ್ಲಿ ‘ಕೇಕ್ಸ್’ ಎನ್ನುತ್ತಾರೆ. ಇದು ಇಂಗ್ಲಿಷ್ ‘ಕೇಕ್’ನ ಬಹುವಚನ. ಹ್ಯಾನೋವರ್‌ನ ಬಾಲ್ಸನ್ ಕಂಪನಿ 1891ರಲ್ಲಿ ‘ಲೈಬ್ನಿಟ್ಸ್ ಕೇಕ್ಸ್’ ಹೆಸರಿನಲ್ಲಿ ಬಿಸ್ಕತ್ತು ಮಾರಾಟಕ್ಕೆ ತಂದಿತು. ಮುಂದೆ ಈ ಪದದ ಕಾಗುಣಿತವೂ ಜರ್ಮನ್ ಆಯಿತು. ಕೊನೆಯ ಎಸ್ ಬಹುವಚನದ ಗುರುತು ಎಂಬುದು ಮರೆತುಹೋಗಿ ಒಂದು ಬಿಸ್ಕತ್ತೂ ‘ಕೇಕ್ಸ್’ ಆಯಿತು. ಹಲವಾದರೆ ಜರ್ಮನ್ ರೀತಿಯಲ್ಲಿ ‘ಎ’ ಸೇರಿಸಿ ‘ಕೇಕ್ಸೆ’ ಎನ್ನುತ್ತಾರೆ!

ಅನುಮಾನ ಬಂದರೆ?

ಜರ್ಮನ್ನರ ಹೆಸರಾಂತ ನಿಘಂಟು ಡೂಡೆನ್ ಮೊಬೈಲ್‌ನಲ್ಲೇ ಸಿಗುತ್ತದೆ. ಪದ ಹುಡುಕಿದಾಗ maskulin ಎಂದಿದ್ದರೆ ಡೇರ್, feminin ಎಂದಿದ್ದರೆ ಡೀ, Neutrum ಎಂದಿದ್ದರೆ ಡಾಸ್. Plural ಎಂಬಲ್ಲಿ ಬಹುವಚನ ಇರುತ್ತದೆ. ಎರಡು ಲಿಂಗ ಕೊಟ್ಟಿದ್ದರೆ ಎರಡೂ ಸರಿ. ನೀವು ಹೋಗುವ ಊರಿನಲ್ಲಿ ಯಾವುದು ಬಳಕೆಯಲ್ಲಿದೆಯೋ ಅದನ್ನು ಹಿಡಿಯಿರಿ.

ಆದ್ದರಿಂದ “ಎಲ್ಲಕ್ಕೂ ಡಾಸ್” ಎಂಬ ಸೂತ್ರ ನಿಮ್ಮ ಗ್ರೂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಕಂಪ್ಯೂಟರ್ ಮತ್ತು ಪಾರ್ಟಿ ಎಂಬ ಎರಡು ಪದಗಳನ್ನು ಹುಡುಕಿ ನೋಡಿ. ಒಂದು ಡೇರ್, ಇನ್ನೊಂದು ಡೀ. ಸೂತ್ರ ಅಲ್ಲಿಗೇ ಮುರಿಯುತ್ತದೆ.