ದೂರವಾಣಿನಗರದ ಸ್ವಿಚ್ಚುಗಳಿಂದ ಕಾಲ್ ಸೆಂಟರಿನ ಕುರ್ಚಿಗಳಿಗೆ: ಎರ್ಲಾಂಗ್ ಸೂತ್ರದ ಪಯಣ

ಕೆ.ಆರ್. ಪುರದ ಪಕ್ಕದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಿಂದ. ಐಟಿಐ ಮೊದಲ ದಶಕಗಳಲ್ಲಿ ಸ್ಟ್ರೌಜರ್ ಮಾದರಿಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳನ್ನು ತಯಾರಿಸುತ್ತಿತ್ತು. ಇಂಥ ಎಕ್ಸ್‌ಚೇಂಜ್ ಕಟ್ಟುವವರಿಗೆಲ್ಲ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ಅತಿ ಹೆಚ್ಚು ಕರೆ ಬರುವ ಗಂಟೆಯಲ್ಲಿ ಎಷ್ಟು ಸ್ವಿಚ್ಚು, ಎಷ್ಟು ಲೈನು ಇದ್ದರೆ ಸಾಕು? ಅದೇ ಪೂರ್ವ ಬೆಂಗಳೂರಿನಲ್ಲಿ ಅರ್ಧ ಶತಮಾನದ ನಂತರ ಕಾಲ್ ಸೆಂಟರುಗಳು ಬಂದಾಗ ಸ್ವಿಚ್ಚಿನ ಜಾಗದಲ್ಲಿ ಮನುಷ್ಯರು ಕುಳಿತರು. ಲೆಕ್ಕದ ಮೂಲ ಮಾತ್ರ ಬದಲಾಗಲಿಲ್ಲ.

ಆ ಮೂಲ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರದು. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದ ಅವರು, ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಯಾದೃಚ್ಛಿಕವಾಗಿ ಬರುತ್ತವೆಂದು 1909ರ ಲೇಖನದಲ್ಲಿ ತೋರಿಸಿದರು. 1917ರ ಲೇಖನದಲ್ಲಿ ಎರಡು ಉತ್ತರ ಕೊಟ್ಟರು. ಲೈನು ಖಾಲಿಯಿಲ್ಲದಾಗ ಕರೆ ಕಡಿದುಹೋದರೆ ಒಂದು ಸೂತ್ರ (ಈಗಿನ ಎರ್ಲಾಂಗ್-ಬಿ), ಕರೆ ಕಾಯುವುದಾದರೆ ಇನ್ನೊಂದು (ಎರ್ಲಾಂಗ್-ಸಿ). ಎಕ್ಸ್‌ಚೇಂಜಿನ ಲೈನುಗಳಿಗೆ ಮೊದಲನೆಯದು ಒಪ್ಪುತ್ತದೆ, ಕಾಲ್ ಸೆಂಟರಿಗೆ ಎರಡನೆಯದು. ಮೊದಲನೆಯದರಿಂದಲೇ ಎರಡನೆಯದನ್ನು ಪಡೆಯಬಹುದು:

```
B(0) = 1
B(n) = A·B(n−1) / (n + A·B(n−1))
C = B(N) / (1 − (A/N)·(1 − B(N)))
S = 1 − C·e^(−(N−A)·T/H)
```

ಇಲ್ಲಿ A ಎಂದರೆ ಕರೆಗಳ ಹೊರೆ, N ಏಜೆಂಟರ ಸಂಖ್ಯೆ, C ಕರೆ ಮಾಡಿದವರು ಕಾಯಬೇಕಾಗುವ ಸಂಭವ, H ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ. T ಸೆಕೆಂಡಿನೊಳಗೆ ಉತ್ತರ ಸಿಗುವ ಕರೆಗಳ ಪಾಲು S.

ಒಂದು ಕಲ್ಪಿತ ಉದಾಹರಣೆ ನೋಡೋಣ. ಬೆಳಿಗ್ಗೆ 10ರಿಂದ 10.30ರವರೆಗೆ 120 ಕರೆ ಬರುತ್ತವೆ. ಮಾತು ಮತ್ತು ಆಮೇಲಿನ ದಾಖಲೆ ಕೆಲಸ ಸೇರಿ ಕರೆಗೆ 270 ಸೆಕೆಂಡು. ಹೊರೆ 120 × 270 ÷ 1800 = 18 ಎರ್ಲಾಂಗ್. ಹಾಗಾದರೆ 18 ಏಜೆಂಟರು ಸಾಕೆಂದು ತೋರಬಹುದು. ಆದರೆ ಕರೆಗಳು ಸಾಲಾಗಿ, ಸಮ ಅಂತರದಲ್ಲಿ ಬರುವುದಿಲ್ಲ. ಆದ್ದರಿಂದ 18 ಜನರಿದ್ದರೆ ಸರದಿ ಬೆಳೆಯುತ್ತಲೇ ಹೋಗುತ್ತದೆ. 19 ಜನರಿದ್ದರೆ ಸರಾಸರಿ ಕಾಯುವಿಕೆ ಸುಮಾರು 202 ಸೆಕೆಂಡು, 20ಕ್ಕೆ 74, 21ಕ್ಕೆ 36. ನೂರಕ್ಕೆ 80 ಕರೆಗಳಿಗೆ 20 ಸೆಕೆಂಡಿನೊಳಗೆ ಉತ್ತರ ಕೊಡಬೇಕೆಂಬುದು ಈ ಉದ್ಯಮದಲ್ಲಿ ರೂಢಿಗೆ ಬಂದ ಗುರಿ. 22 ಜನರಿದ್ದರೆ ಆ ಪಾಲು ನೂರಕ್ಕೆ 79.3ಕ್ಕೆ ನಿಲ್ಲುತ್ತದೆ, 23 ಜನರಿಗೆ 86.8ಕ್ಕೆ ಏರುತ್ತದೆ. ಹಾಗಾಗಿ ಆ ಅರ್ಧಗಂಟೆಗೆ 23 ಜನ ಬೇಕು. ಹತ್ತೊಂಬತ್ತು ಜನರ ಜೊತೆಗೆ ಬಂದ ಇಪ್ಪತ್ತನೆಯವರೊಬ್ಬರೇ ಕಾಯುವಿಕೆಯನ್ನು ಅರ್ಧಕ್ಕಿಂತ ಕೆಳಗಿಳಿಸುತ್ತಾರೆ ಎಂಬುದನ್ನು ಗಮನಿಸಬೇಕು. ಅದಕ್ಕೇ ಒಬ್ಬರು ರಜೆ ಹಾಕಿದರೂ ಇಡೀ ಫ್ಲೋರಿಗೆ ಬಿಸಿ ತಟ್ಟುತ್ತದೆ.

ಸೂತ್ರ ಹುಟ್ಟಿದ್ದು ಸ್ವಿಚ್ಚುಗಳಿಗಾಗಿ ಎಂಬುದನ್ನು ಮರೆತಾಗ ಅದರ ಮೊದಲ ಮಿತಿ ಎದುರಾಗುತ್ತದೆ. ಸ್ವಿಚ್ಚಿಗೆ ಊಟದ ಬಿಡುವಿಲ್ಲ, ತರಬೇತಿಯಿಲ್ಲ, ಕ್ಯಾಬ್ ತಡವಾಗುವುದಿಲ್ಲ. 23 ಎಂಬುದು ಫೋನಿನ ಮುಂದೆ ಕುಳಿತವರ ಲೆಕ್ಕ. ಸಂಬಳದ ಸಮಯದ ನೂರಕ್ಕೆ 30 ಭಾಗ ಬಿಡುವು, ರಜೆ, ತರಬೇತಿಗೆ ಹೋಗುವುದಾದರೆ ರೋಸ್ಟರಿನಲ್ಲಿ 23 ÷ 0.7, ಅಂದರೆ 33 ಹೆಸರು ಇರಬೇಕು. ಈ ಹತ್ತು ಜನರನ್ನು ಹೆಚ್ಚುವರಿ ಎಂದು ಕತ್ತರಿಸುವ ಆಡಳಿತ, ಉಳಿದವರ ಬಿಡುವನ್ನೇ ಕತ್ತರಿಸುತ್ತದೆ. ಇದನ್ನು ದಕ್ಷತೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಎರಡನೆಯ ಮಿತಿ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವಂಥದು. ಮೇ ತಿಂಗಳ ಸಂಜೆ ಮಳೆಗೆ ಇಂದಿರಾನಗರದಲ್ಲೊಂದು ಮರ ಬಿದ್ದು ಕರೆಂಟು ಹೋದರೆ, ಬೆಸ್ಕಾಂನ 1912ಕ್ಕೆ ಬರುವ ಕರೆಗಳು ಪರಸ್ಪರ ಸಂಬಂಧವಿಲ್ಲದವಲ್ಲ. ಎಲ್ಲಕ್ಕೂ ಆ ಒಂದೇ ಮರ ಕಾರಣ. ಇಂಥ ಸಹಾಯವಾಣಿಗೆ ಮೇಲಿನ ಅಂಕಿಗಳನ್ನೇ ಹಚ್ಚಿ ನೋಡೋಣ. ಅದೇ 120 ಕರೆಗಳಲ್ಲಿ 80 ಮೊದಲ ಹತ್ತು ನಿಮಿಷಕ್ಕೇ ಬಂದವೆನ್ನಿ. ಅಷ್ಟು ಹೊತ್ತಿನಲ್ಲಿ 23 ಜನ ಮುಗಿಸಬಲ್ಲದ್ದು ಸುಮಾರು 51 ಕರೆ. ಉಳಿದ 29ರಲ್ಲಿ ಹಲವು ಇನ್ನೂ ಸರದಿಯಲ್ಲೇ ಇರುತ್ತವೆ, ಕೊನೆಯವರು ಕೆಲವು ನಿಮಿಷ ಕಾಯುತ್ತಾರೆ. ಅರ್ಧಗಂಟೆಯ ಒಟ್ಟು ಸಂಖ್ಯೆ ಮಾತ್ರ ಸೂತ್ರ ನಿರೀಕ್ಷಿಸಿದಷ್ಟೇ ಇರುತ್ತದೆ.

ಕರೆಗಳು ಹೀಗೆ ಒಟ್ಟಿಗೆ ನುಗ್ಗುವುದನ್ನು ಕಂಡುಹಿಡಿಯಲು ಕರೆಗಳನ್ನು ಐದೈದು ನಿಮಿಷಕ್ಕೆ ಎಣಿಸಬೇಕು. ಸರಾಸರಿ 20 ಇದ್ದರೆ, ಯಾದೃಚ್ಛಿಕ ಕರೆಗಳ ಎಣಿಕೆ ಹೆಚ್ಚುಕಡಿಮೆ 11ರಿಂದ 29ರೊಳಗೆ ಇರುತ್ತದೆ. ಪದೇ ಪದೇ 40 ದಾಟಿದರೆ ಎರ್ಲಾಂಗ್-ಸಿ ಆ ಹೊತ್ತಿಗೆ ಹೊಂದುವುದಿಲ್ಲ. ಬೇಸತ್ತು ಫೋನ್ ಇಟ್ಟವರನ್ನೂ ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಕೊರತೆ ತುಂಬುವ ಮಾದರಿಯನ್ನು ಸ್ವೀಡನ್ನಿನ ಕಾನಿ ಪಾಮ್ 1940ರ ದಶಕದಲ್ಲೇ ಕೊಟ್ಟಿದ್ದಾರೆ.

ಹಾಗಾಗಿ ಸಾರ್ವಜನಿಕ ಸಹಾಯವಾಣಿ ನಡೆಸುವವರಲ್ಲಿ ಒಂದು ವಿನಂತಿ: ದಿನದ ಸರಾಸರಿಯ ಬದಲು ಪ್ರತಿ ಅರ್ಧಗಂಟೆಯ ಕರೆ, ಕಾಯುವಿಕೆ ಮತ್ತು ಕಡಿದುಹೋದ ಕರೆಗಳ ಅಂಕಿಗಳನ್ನು ಪ್ರಕಟಿಸಿ.